ಭಾಗ 3: ಪಿಡಿಎಫ್ ಬೇಡ, ಖಾಲಿ ಗೆರೆ ಬಿಡಿ

ಕಡೂರು, ತರೀಕೆರೆ, ಅಜ್ಜಂಪುರ ಎಲ್ಲಾ ಕಡೆ ಒಂದೇ ಕಥೆ. ಯೂನಿಟ್ ಟೆಸ್ಟ್ ಬಂತು ಅಂದ್ರೆ ಅಮ್ಮಂದಿರ ವಾಟ್ಸಾಪ್ ಗ್ರೂಪಲ್ಲಿ ಬಣ್ಣಬಣ್ಣದ ಪಿಡಿಎಫ್. ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸೋದು. ನನ್ ಪ್ರಕಾರ ದುಡ್ಡು ದಂಡ. ಎಲ್ಲಾ ಹೆಸರೂ ಮೊದಲೇ ಬರೆದಿರೋ ಚಿತ್ರದಲ್ಲಿ ಮಗು ಮಾಡೋಕೆ ಏನು ಉಳೀತು? ನೋಡುತ್ತೆ, "ಗೊತ್ತು" ಅನ್ನುತ್ತೆ, ಟೆಸ್ಟಲ್ಲಿ ಪೆನ್ಸಿಲ್ ಕಚ್ಚುತ್ತೆ.

ಬೇರಿನ ಪಾಠನೇ ತಗೊಳ್ಳಿ. ಹೊಲದಿಂದ ಒಂದು ರಾಗಿ ಪೈರು, ಒಂದು ಅವರೆ ಗಿಡ ಬೇರು ಸಮೇತ ಕಿತ್ತು ತನ್ನಿ. ಒಂದೇ ಹಾಳೇಲಿ ಎರಡನ್ನೂ ಪಕ್ಕಪಕ್ಕ ಬರೀರಿ, ಸೊಟ್ಟ ಆದ್ರೂ ನಡೆಯುತ್ತೆ. ರಾಗಿಗೆ ಬುಡದಿಂದ ಗಡ್ಡದ ಹಾಗೆ ಹರಡಿರೋ ತಂತು ಬೇರು, ಎಲೆ ಮೇಲೆ ಉದ್ದುದ್ದ ಗೆರೆ. ಅವರೆಗೆ ಮಧ್ಯ ಒಂದು ದಪ್ಪ ತಾಯಿ ಬೇರು, ಎಲೆ ಮೇಲೆ ಬಲೆ ಥರ ಗೆರೆ. ಹೆಸರು ಮಾತ್ರ ಬರೀಬೇಡಿ, ಆ ಜಾಗದಲ್ಲಿ ಖಾಲಿ ಗೆರೆ ಬಿಡಿ. ಉತ್ತರ ಹಾಳೆ ಹಿಂದೆ ಇರಲಿ.

ಟೆಸ್ಟಿಗೆ ಎರಡು ದಿನ ಮುಂಚೆ ಮಗುನೇ ತುಂಬಲಿ. ತಪ್ಪಾಗಿದ್ದನ್ನ ಗಿಡ ತೋರಿಸಿ ಹೇಳಿ. ಮಾರನೇ ದಿನ ಬೇರೆ ಹಾಳೇಲಿ ನೆನಪಿಂದಲೇ ಬರೆಸಿ.

ಅರ್ಥ ಆಗಿದೆಯಾ ಅಂತ ನೋಡೋಕೆ ತೋಟದಲ್ಲಿ ನಿಲ್ಲಿಸಿ ಕೇಳಿ: ಅಡಿಕೆ ಮರಕ್ಕೆ ಯಾವ ಬೇರು? ದೊಡ್ಡ ಮರ ಅಂತ "ತಾಯಿ ಬೇರು" ಅಂದ್ರೆ ಅದು ಬರೀ ಬಾಯಿಪಾಠ. ಅಡಿಕೆ, ತೆಂಗು ಎರಡಕ್ಕೂ ತಂತು ಬೇರೇ. (ಲೆಕ್ಕದ ಟೆಸ್ಟಿಗೆ ಈ ಉಪಾಯ ನಡೆಯಲ್ಲ, ಅಲ್ಲಿ ಲೆಕ್ಕ ಮಾಡಿಸಲೇಬೇಕು.)

"ನಮ್ಮಮ್ಮಂಗೆ ಚಿತ್ರ ಬರಲ್ಲ" ಅಂತ ಕಾಮೆಂಟ್ ಹಾಕ್ಬೇಡಿ. ಬಿಕಾಂ ಓದ್ತಾ ಮನೇಲಿ ರೀಲ್ಸ್ ನೋಡ್ಕೊಂಡು ಕೂತಿರೋ ಅಣ್ಣ, ಅಕ್ಕ ಇದೀರಲ್ಲ, ನೀವು ಬರೀರಿ.