30 ಸೆಕೆಂಡಿನ ಜಾಹೀರಾತು: ಖರ್ಚು ಏರುವುದು ಎಲ್ಲಿ?

ಮೈಸೂರಿನಲ್ಲಿ ಸಾರಿನ ಪುಡಿ ಮಾಡಿ ಮಾರುವವರೊಬ್ಬರಿಗೆ ಯೂಟ್ಯೂಬಿಗೂ ಊರಿನ ಚಿತ್ರಮಂದಿರಗಳಿಗೂ ಆಗುವಂಥ 30 ಸೆಕೆಂಡಿನ ಜಾಹೀರಾತು ಬೇಕಾಗಿದೆ ಎಂದಿಟ್ಟುಕೊಳ್ಳಿ. ಅವರ ಮುಂದೆ ಎರಡು ಸ್ಕ್ರಿಪ್ಟ್‌ಗಳಿವೆ. ಮೊದಲನೆಯದರಲ್ಲಿ ಒಂದೇ ಅಡುಗೆಮನೆ, ಅತ್ತೆ ಮತ್ತು ಸೊಸೆ. ಎರಡನೆಯದರಲ್ಲಿ ಬೆಳಿಗ್ಗೆ ಮನೆ, ಮಧ್ಯಾಹ್ನ ಶಾಲೆಯಲ್ಲಿ ಮಕ್ಕಳ ಊಟದ ಡಬ್ಬಿ, ಆಮೇಲೆ ಅಪ್ಪನ ಆಫೀಸು. ಇಬ್ಬರು ಮಕ್ಕಳೂ ಸೇರಿ ಎಂಟು ಜನ ಕಲಾವಿದರು. ಎರಡೂ ಓದಲು ಅರ್ಧ ಪುಟವೇ. ಕೊಟೇಶನ್‌ನಲ್ಲಿ ಮಾತ್ರ ಒಂದು ಇನ್ನೊಂದರ ಸುಮಾರು ಎರಡರಷ್ಟು.

ಲೆಕ್ಕಕ್ಕೆಂದು ಕೆಲವು ಅಂಕಿಗಳನ್ನು ಹಿಡಿಯೋಣ. ಊರು, ತಂಡ ಬದಲಾದರೆ ಇವೂ ಬದಲಾಗುತ್ತವೆ, ಆದರೆ ಯಾವುದು ಹಿರಿದು ಯಾವುದು ಕಿರಿದು ಎಂಬುದು ಹೆಚ್ಚು ಬದಲಾಗುವುದಿಲ್ಲ. ಕ್ಯಾಮೆರಾ, ಲೆನ್ಸ್, ಲೈಟು, ಛಾಯಾಗ್ರಾಹಕರಿಂದ ಹಿಡಿದು ಲೈಟ್‌ಬಾಯ್‌ವರೆಗಿನ ಜನ, ಅವರ ಊಟ, ಬಾಟಾ, ಗಾಡಿ ಎಲ್ಲ ಸೇರಿ 12 ಗಂಟೆಯ ಒಂದು ಕಾಲ್‌ಶೀಟಿಗೆ 1.8 ಲಕ್ಷ ರೂಪಾಯಿ. ಅಂದರೆ ಗಂಟೆಗೆ 15 ಸಾವಿರ. ಕ್ಯಾಮೆರಾ ಓಡುತ್ತಿದ್ದರೂ ಅಷ್ಟೇ, ಯಾರೋ ಕೇಬಲ್ ಸುತ್ತುತ್ತಿದ್ದರೂ ಅಷ್ಟೇ.

ಮೊದಲ ಸ್ಕ್ರಿಪ್ಟ್ ಒಂದು ದಿನದ ಕೆಲಸ. ಯೂನಿಟ್ 1.8 ಲಕ್ಷ, ಮನೆ ಬಾಡಿಗೆ 25 ಸಾವಿರ, ಇಬ್ಬರು ಕಲಾವಿದರಿಗೆ 30 ಸಾವಿರ, ಪಾತ್ರೆಪಗಡೆ ಮತ್ತು ಸೆಟ್ ಅಲಂಕಾರಕ್ಕೆ 20 ಸಾವಿರ, ಎಡಿಟಿಂಗ್, ಸೌಂಡ್, ಕಲರಿಂಗ್‌ಗೆ 60 ಸಾವಿರ. ಒಟ್ಟು 3.15 ಲಕ್ಷ. ಎರಡನೆಯದಕ್ಕೆ ಎರಡು ದಿನ ಬೇಕು: ಯೂನಿಟ್ 3.6 ಲಕ್ಷ, ಮೂರು ಜಾಗಗಳಿಗೆ 65 ಸಾವಿರ, ಎಂಟು ಕಲಾವಿದರಿಗೆ 70 ಸಾವಿರ, ಸೆಟ್ಟಿಗೆ 45 ಸಾವಿರ, ಎಡಿಟಿಂಗ್ ಮುಂತಾದವಕ್ಕೆ 75 ಸಾವಿರ. ಒಟ್ಟು 6.15 ಲಕ್ಷ. ನಿರ್ದೇಶಕರ ಸಂಭಾವನೆ ಎರಡಕ್ಕೂ ಒಂದೇ ಎಂದುಕೊಂಡು ಬಿಟ್ಟಿದ್ದೇನೆ. ಎರಡರ ಮೇಲೂ ಶೇಕಡಾ 18 ಜಿಎಸ್‌ಟಿ ಬೀಳುತ್ತದೆ.

ವ್ಯತ್ಯಾಸ ಮೂರು ಲಕ್ಷ. ಅದರಲ್ಲಿ 1.8 ಲಕ್ಷ ಹೋಗಿದ್ದು ಆ ಎರಡನೇ ದಿನಕ್ಕೆ. ಆರು ಜನ ಹೆಚ್ಚುವರಿ ಕಲಾವಿದರಿಗೆ ಹೋಗಿದ್ದು ಬರೀ 40 ಸಾವಿರ. ಆದರೂ ಬಜೆಟ್ ಇಳಿಸಿ ಎಂದಾಗ ಹೆಚ್ಚಿನವರು ಮೊದಲು ಕೈ ಹಾಕುವುದು ಕಲಾವಿದರ ಸಾಲಿಗೇ.

ಎರಡನೇ ದಿನ ಹುಟ್ಟುವುದು ಹೆಚ್ಚಾಗಿ ಜಾಗಗಳಿಂದ. ಮನೆಯಲ್ಲಿ ಲೈಟು ಇಳಿಸಿ ಕಟ್ಟಲು ಮುಕ್ಕಾಲು ಗಂಟೆ, ಶಾಲೆಗೆ ಹೋಗಲು ಇನ್ನೊಂದು ಮುಕ್ಕಾಲು, ಅಲ್ಲಿ ಇಳಿಸಿ, ಪವರ್ ಎಳೆದು, ಮೊದಲ ಫ್ರೇಮಿಗೆ ಬೆಳಕು ಹೊಂದಿಸುವ ಹೊತ್ತಿಗೆ ಒಂದೂವರೆ ಗಂಟೆ. ಒಂದು ಶಿಫ್ಟಿಂಗ್‌ಗೆ ಮೂರು ಗಂಟೆ ಹೋಯಿತು, ಅಂದರೆ 45 ಸಾವಿರ. ಆದ್ದರಿಂದ ‘ನಮ್ಮ ಸ್ನೇಹಿತರದೇ ಶಾಲೆ, ಬಾಡಿಗೆ ಬೇಡ’ ಎಂದು ಮಾಲೀಕರು ಹೇಳಿದರೆ ಉಳಿಯುವುದು ಆ ಬಾಡಿಗೆಯ 20 ಸಾವಿರ ಮಾತ್ರ. ಶಾಲೆ ಮುಖ್ಯರಸ್ತೆಯ ಮೇಲಿದ್ದರೆ ಇನ್ನೊಂದು ತೊಂದರೆ: ಹಾರ್ನ್ ಸದ್ದಿನಲ್ಲಿ ಸಿಂಕ್ ಸೌಂಡ್ ಸಿಗುವುದಿಲ್ಲ, ಮಕ್ಕಳ ಮಾತನ್ನು ಆಮೇಲೆ ಡಬ್ ಮಾಡಬೇಕಾಗುತ್ತದೆ. ಅದಕ್ಕೇ ಲೊಕೇಶನ್ ನೋಡಲು ಶೂಟಿಂಗ್ ನಡೆಯುವ ಹೊತ್ತಿಗೇ ಹೋಗಿ, ಐದು ನಿಮಿಷ ಸುಮ್ಮನೆ ನಿಂತು ಕೇಳಬೇಕು.

ಕಲಾವಿದರ ಸಂಖ್ಯೆಯ ನಿಜವಾದ ಭಾರ ಸಂಭಾವನೆಯಲ್ಲಿ ಕಾಣುವುದಿಲ್ಲ. ಎಂಟು ಜನ ಎಂದರೆ ಎಂಟು ಮೇಕಪ್, ಎಂಟು ಬಟ್ಟೆ, ಪ್ರತಿಯೊಬ್ಬರ ಮುಖಕ್ಕೂ ಒಂದೊಂದು ಕ್ಲೋಸಪ್. ಮಕ್ಕಳ ವಿಷಯದಲ್ಲಿ ಕಾನೂನಿದೆ, ಇರಲೇಬೇಕು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ನಿಯಮಗಳ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ಮಗು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ವಿಶ್ರಾಂತಿಯಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸಂಪಾದನೆಯ ಕನಿಷ್ಠ ಶೇಕಡಾ 20ರಷ್ಟು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಆಗಬೇಕು. ಶಾಲೆಯ ದೃಶ್ಯ ಹೆಚ್ಚೆಂದರೆ ಐದು ಗಂಟೆಯ ಕೆಲಸ ಎಂದುಕೊಂಡೇ ಶಾಟ್ ಜೋಡಿಸಬೇಕು. ಇನ್ನು, ಕಲಾವಿದರ ಒಪ್ಪಂದ ಸಾಮಾನ್ಯವಾಗಿ ಇಂತಿಷ್ಟು ಅವಧಿಗೆ, ಇಂಥ ಮಾಧ್ಯಮಕ್ಕೆ ಎಂದಿರುತ್ತದೆ. ವರ್ಷದ ನಂತರವೂ ಜಾಹೀರಾತು ಓಡಬೇಕೆಂದರೆ ಎಂಟು ಜನರ ಜೊತೆ ಮತ್ತೆ ಮಾತಾಡಬೇಕು.

ಇಷ್ಟು ಕೇಳಿದರೆ ಮೊದಲ ಸ್ಕ್ರಿಪ್ಟೇ ಸರಿ ಅನ್ನಿಸುತ್ತದೆ. ಆದರೆ ಅದರಲ್ಲಿ ಒಂದು ಸಾಲಿದೆ: ‘ಒಗ್ಗರಣೆ ಬೀಳುತ್ತದೆ, ಸಾರಿನ ಹಬೆ ಏಳುತ್ತದೆ, ಘಮಕ್ಕೆ ಅತ್ತೆ ತಿರುಗಿ ನೋಡುತ್ತಾರೆ.’ ಬಿಳಿ ಗೋಡೆಯ ಮುಂದೆ ಹಬೆ ಕಾಣುವುದೇ ಇಲ್ಲ. ಹಿಂದೆ ಕಪ್ಪು ಹಿನ್ನೆಲೆ ಬೇಕು, ಬೆಳಕು ಹಿಂದಿನಿಂದ ಬರಬೇಕು. ಒಗ್ಗರಣೆ ಒಂದು ಸಲ ಬಿದ್ದರೆ ಸಾರಿನ ಮೇಲ್ಮೈ ಕೆಟ್ಟಿತು, ಮುಂದಿನ ಟೇಕಿಗೆ ಬೇರೆ ಪಾತ್ರೆಯಲ್ಲಿ ಹೊಸ ಸಾರು ಸಿದ್ಧವಿರಬೇಕು. ಸೊಸೆ ಡಬ್ಬಿ ತೆಗೆಯುವ ಶಾಟ್ ಅರ್ಧ ಗಂಟೆಗೆ ಮುಗಿದರೆ, ಈ ಒಂದು ಶಾಟ್ ಒಂದೂವರೆ ಗಂಟೆ ತಿನ್ನುತ್ತದೆ. ಸ್ಕ್ರಿಪ್ಟ್‌ನ ಜಟಿಲತೆ ಸಾಲುಗಳಲ್ಲಿ ಇರುವುದಿಲ್ಲ, ಇಂಥ ಕ್ರಿಯಾಪದಗಳಲ್ಲಿ ಇರುತ್ತದೆ. ‘ಹೊರಗೆ ಮಳೆ’ ಎಂದು ಬರೆದರೆ ನೀರಿನ ಟ್ಯಾಂಕರ್, ಪೈಪು, ನೆನೆದ ಬಟ್ಟೆಗೆ ಜೋಡಿ ಬಟ್ಟೆ. ಕಿಟಕಿಯ ಮೇಲೆ ಹನಿ, ಹಿಂದೆ ಮಳೆಯ ಸದ್ದು ಎಂದು ಬರೆದರೆ ಒಂದು ಸ್ಪ್ರೇ ಬಾಟಲಿ.

ಇಬ್ಬರೇ ಇರುವ ಚಿತ್ರದಲ್ಲಿ ನಟನೆಯೂ ಇಬ್ಬರ ಮೇಲೆಯೇ ನಿಲ್ಲುತ್ತದೆ. ಅತ್ತೆಯ ಪಾತ್ರಕ್ಕೆ ಐದು ಸಾವಿರ ಉಳಿಸಿ ಅನುಭವವಿಲ್ಲದವರನ್ನು ತಂದರೆ, ಹೆಚ್ಚುವರಿ ಟೇಕುಗಳಲ್ಲಿ ಒಂದು ಗಂಟೆ ಹೋಗಿ 15 ಸಾವಿರ ಕಳೆಯುವುದು ಕಷ್ಟವಲ್ಲ.

ಎರಡನೇ ಸ್ಕ್ರಿಪ್ಟಿನ ಪರವಾಗಿ ಹೇಳಬೇಕಾದ್ದು ಗಟ್ಟಿಯಾಗಿಯೇ ಇದೆ. ಮನೆ, ಶಾಲೆ, ಆಫೀಸು ಮೂರೂ ಬಿಡಿಬಿಡಿಯಾಗಿ ನಿಲ್ಲುವಂತೆ ಬರೆದರೆ ಅದೇ ಎರಡು ದಿನದಲ್ಲಿ ಮೂರು ಹತ್ತು ಸೆಕೆಂಡಿನ ತುಣುಕುಗಳೂ ಸಿಗುತ್ತವೆ. ಜೂನ್‌ನಲ್ಲಿ ಶಾಲೆ ತೆರೆಯುವಾಗ ಒಂದು, ಹಬ್ಬದ ಹೊತ್ತಿಗೆ ಇನ್ನೊಂದು ಓಡಿಸಬಹುದು. ಒಂದೇ ಅಡುಗೆಮನೆಯ ಚಿತ್ರವನ್ನು ಆರು ತಿಂಗಳು ತೋರಿಸಿದರೆ ನೋಡುವವರು ಬೇಸರಪಡುತ್ತಾರೆ, ಆಗ ಇನ್ನೊಂದು ಶೂಟಿಂಗ್, ಇನ್ನೊಂದು ಮೂರು ಲಕ್ಷ. ಆದರೆ ತುಣುಕುಗಳ ಯೋಚನೆ ಸ್ಕ್ರಿಪ್ಟ್ ಹಂತದಲ್ಲೇ ಇರಬೇಕು. ಶೂಟಿಂಗ್ ಮುಗಿದ ಮೇಲೆ ಎಡಿಟರನ್ನು ಕೇಳಿದರೆ, ಪ್ರತಿ ಜಾಗದಲ್ಲೂ ಪುಡಿಯ ಪ್ಯಾಕೆಟ್ಟಿನ ಶಾಟ್ ಇಲ್ಲ ಎಂಬುದು ಅಲ್ಲಿ ಗೊತ್ತಾಗುತ್ತದೆ.

ನನ್ನ ಒಲವು ಜಾಗ ಕಡಿಮೆ ಮಾಡುವ ಕಡೆಗಿದೆ, ಜನರನ್ನಲ್ಲ. ಶಾಲೆಯ ಸ್ಟಾಫ್‌ರೂಮಿನಲ್ಲಿ ಮೇಜು, ಕಂಪ್ಯೂಟರ್ ಇಟ್ಟರೆ ಆಫೀಸು ಆಗುತ್ತದೆ. ಒಂದು ಶಿಫ್ಟಿಂಗ್ ಹೋಯಿತು, ಆಫೀಸಿನ ಬಾಡಿಗೆಯೂ ಹೋಯಿತು. ಎಂಟು ಜನರೂ ಉಳಿದರು. ಆಫೀಸಿನ ದೃಶ್ಯವನ್ನು ಮೂರು ಶಾಟಿಗೆ ಇಳಿಸಿದರೆ ಕೆಲಸ ಒಂದೂವರೆ ಕಾಲ್‌ಶೀಟಿಗೆ ಬರುತ್ತದೆ, ಆಗ ಯೂನಿಟ್‌ನಲ್ಲೇ 90 ಸಾವಿರ ಉಳಿತಾಯ. ಉಪಕರಣದವರು ಅರ್ಧ ದಿನದ ಲೆಕ್ಕ ಒಪ್ಪುತ್ತಾರೋ ಪೂರ್ತಿ ದಿನದ್ದೇ ಕೇಳುತ್ತಾರೋ ಎಂದು ಮೊದಲೇ ಕೇಳಿಕೊಳ್ಳಬೇಕು. ಪೂರ್ತಿ ದಿನದ್ದೇ ಆದರೆ ಶಾಟ್ ಕತ್ತರಿಸಿ ಪ್ರಯೋಜನವಿಲ್ಲ, ಆ ಅರ್ಧ ದಿನವನ್ನು ಮನೆಯ ದೃಶ್ಯದಲ್ಲಿ ಅಂಥದೇ ಒಂದು ಹಬೆಯ ಶಾಟಿಗೆ ಕೊಡುವುದೇ ಮೇಲು.