ಪಿಂಚಣಿಯ ಹಣ ಯಾರದು?

ಕಮಲಾಪುರದ ಶಾಲೆಯಲ್ಲಿ 30 ವರ್ಷ ಪಾಠ ಹೇಳಿ, ನಿವೃತ್ತರಾಗಿ ಕಲಬುರಗಿಯಲ್ಲಿ ನೆಲೆಸಿದ ಸರ್ಕಾರಿ ಉಪಾಧ್ಯಾಯರೊಬ್ಬರನ್ನು ಊಹಿಸಿಕೊಳ್ಳಿ. ತಿಂಗಳಾದೊಡನೆ ಬ್ಯಾಂಕಿಗೆ ಬರುವ ಪಿಂಚಣಿ ತಾವು ಕೂಡಿಟ್ಟ ಗಂಟೆಂದೇ ಅವರ ಭಾವನೆ. ಹಳೆಯ ಪದ್ಧತಿಯಲ್ಲಿ ಅಂಥ ಗಂಟು ಎಲ್ಲಿಯೂ ಇರುವುದಿಲ್ಲ. ಇಂದು ದುಡಿಯುವವರು ತೆರುವ ತೆರಿಗೆಯಿಂದಲೇ ಖಜಾನೆಯು ಅದನ್ನು ಕೊಡುತ್ತದೆ. ಜರ್ಮನಿಯಂಥ ದೇಶಗಳಲ್ಲಿ ಬಹುಪಾಲು ಹಣ ದುಡಿಯುವವರ ಮತ್ತು ಅವರ ಧಣಿಗಳ ವಂತಿಗೆಯಿಂದ ಬರುತ್ತದೆ. ಒಂದು ಕೈಯಿಂದ ಬಂದದ್ದು ಇನ್ನೊಂದು ಕೈಗೆ ಹೋಗುವ ರೀತಿ ಮಾತ್ರ ಅದೇ.

100 ರೂಪಾಯಿ ಸಂಬಳದ ಐವರು ತಲಾ 10 ರೂಪಾಯಿ ಕೊಟ್ಟರೆ ಒಬ್ಬ ವೃದ್ಧರಿಗೆ 50 ರೂಪಾಯಿ ದೊರೆಯುತ್ತದೆ. ಆಯುಷ್ಯ ಬೆಳೆದು, ಹುಟ್ಟುವ ಮಕ್ಕಳು ಕಡಿಮೆಯಾಗಿ, ಅದೇ ಐವರ ಪಾಲಿಗೆ ಇಬ್ಬರು ವೃದ್ಧರು ಬಂದರೋ? ವಂತಿಗೆ 20ಕ್ಕೆ ಏರಬೇಕು, ಇಲ್ಲವೇ ಪಿಂಚಣಿ 25ಕ್ಕೆ ಇಳಿಯಬೇಕು, ಅದೂ ಬೇಡವೆಂದರೆ ನಿವೃತ್ತಿಯ ವಯಸ್ಸನ್ನು ಮುಂದಕ್ಕೆ ತಳ್ಳಬೇಕು. ಮೂರೂ ಕಹಿಯೇ.

ಕರ್ನಾಟಕ ಸರ್ಕಾರವು 2006ರ ಏಪ್ರಿಲ್ 1ರಿಂದ ನೌಕರಿಗೆ ಸೇರಿದವರಿಗೆ ಬೇರೆ ದಾರಿ ಹಿಡಿಯಿತು. ಆ ಉಪಾಧ್ಯಾಯರ ಮಗ 2010ರಲ್ಲಿ ಅದೇ ವೃತ್ತಿಗೆ ಸೇರಿದನೆನ್ನೋಣ. ಅವನ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ 10ರಷ್ಟು ಅವನದೇ ಖಾತೆ ಸೇರುತ್ತದೆ; ಸರ್ಕಾರವೂ ತನ್ನ ಪಾಲು ಹಾಕುತ್ತದೆ. ತೊಡಕಿರುವುದು ಇಲ್ಲಿಯೇ. ಮಗನ ಖಾತೆಗೆ ಪಾಲು ಹಾಕಿದ ಮಾತ್ರಕ್ಕೆ ತಂದೆಯ ಪಿಂಚಣಿಯನ್ನು ನಿಲ್ಲಿಸುವಂತಿಲ್ಲ. ಹಳೆಯ ಪದ್ಧತಿಯ ಕಡೆಯ ಪಿಂಚಣಿದಾರರ ತನಕ, ಅವರ ನಂತರ ಕುಟುಂಬ ಪಿಂಚಣಿ ಪಡೆಯುವವರ ತನಕ, ಖಜಾನೆಯು ಎರಡನ್ನೂ ಹೊರಬೇಕು.