ಪೈಸೆ ಕಾಣುವವರೆಗೆ ಮೊತ್ತ ಮುಗಿದಿಲ್ಲ

ಚೆಕ್ ಬರೆಯುವಾಗ ಅಂಕಿಯ ಮುಂದೆ ‘/-’ ಗೆರೆ ಎಳೆಯುತ್ತೇವೆ, ಅಕ್ಷರದ ಕೊನೆಗೆ ‘ಮಾತ್ರ’ ಎಂದು ಸೇರಿಸುತ್ತೇವೆ. ಸಂಖ್ಯೆ ಇಲ್ಲಿಗೆ ಮುಗಿಯಿತು, ಮುಂದೆ ಏನೂ ಇಲ್ಲ ಎಂಬುದಕ್ಕೆ ಅದು ಗುರುತು. ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಬರೆದ ಮೊತ್ತವೇ ಊರ್ಜಿತವೆಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯೇ ಹೇಳುತ್ತದೆ. ಈಗ ಮೊಬೈಲಿಗೆ ಬರುವ ಬ್ಯಾಂಕಿನ ಸಂದೇಶದಲ್ಲಿ ಸಾಮಾನ್ಯವಾಗಿ ಅಕ್ಷರದ ಮೊತ್ತ ಇರುವುದಿಲ್ಲ. ಇರುವುದು ಅಂಕಿ ಮಾತ್ರ. ಅದೂ ಪರದೆಯ ಅಂಚಿನಲ್ಲಿ ತುಂಡಾದರೆ?

ಒಂದು ಲೆಕ್ಕ ನೋಡೋಣ. ಅರಳಗುಪ್ಪೆಯ ಬೆಳೆಗಾರರೊಬ್ಬರು ತಿಪಟೂರು ಮಾರುಕಟ್ಟೆಗೆ 9 ಕ್ವಿಂಟಾಲ್ ಉಂಡೆ ಕೊಬ್ಬರಿ ಹಾಕಿದರು ಎನ್ನೋಣ. ಕ್ವಿಂಟಾಲಿಗೆ 16,500 ರೂಪಾಯಿಯಂತೆ ಬರಬೇಕಾದ ಹಣ 1,48,500. ಬ್ಯಾಂಕು ಅಲ್ಪವಿರಾಮ ಹಾಕದೆ `Rs.148500.00` ಎಂದು ಕಳಿಸುತ್ತದೆ. ಪರದೆಯ ಮೇಲೆ ಮೂಡುವ ಒಂದು ಸಾಲಿನಲ್ಲಿ `Rs.14850` ಎಂಬಷ್ಟೇ ಕಾಣುತ್ತದೆ. ಇದು ಅರ್ಧ ಸಂಖ್ಯೆ ಎಂದು ಕಣ್ಣಿಗೆ ಹೊಳೆಯುವುದೇ ಇಲ್ಲ, ಹದಿನಾಲ್ಕು ಸಾವಿರದ ಎಂಟುನೂರ ಐವತ್ತು ಎಂದೇ ಓದಿಕೊಳ್ಳುತ್ತದೆ. ನಾವು ಓದುವುದು ಎಡದಿಂದ, ಆದರೆ ಬಿಡಿ, ಹತ್ತು, ನೂರು ಎಂಬ ಸ್ಥಾನ ಎಣಿಸುವುದು ಬಲದಿಂದ. ಬಲತುದಿ ಕಾಣದಿದ್ದರೆ ಉಳಿದ ಅಂಕಿಗಳಿಗೆ ಬೆಲೆ ಕಟ್ಟಲಾಗದು.

ಹೀಗೆ ಬಲತುದಿ ತುಂಡಾದ ಮೊತ್ತ ಯಾವಾಗಲೂ ಕಡಿಮೆಯಾಗಿಯೇ ಕಾಣುತ್ತದೆ. ಆದ್ದರಿಂದ ಹಾನಿಯೂ ಒಂದೇ ದಿಕ್ಕಿನದು. ಬರುವ ಹಣದಲ್ಲಿ ಮಂಡಿಯವರ ಮೇಲೆ ವೃಥಾ ಜಗಳ. ಕೊಡುವ ಹಣದಲ್ಲಿ ಇನ್ನೂ ಕಷ್ಟ: ಕಾಯಿ ಸುಲಿದವರಿಗೆ 15,000 ಕಳಿಸಿ, `Rs.1500` ಎಂದು ಕಂಡು, ಒಂದು ಸೊನ್ನೆ ಬಿಟ್ಟೆವೆಂದು ಮತ್ತೆ 13,500 ಕಳಿಸಿದರೆ ಒಟ್ಟು 28,500 ಹೋಯಿತು. ಪಡೆದವರು ಒಪ್ಪಿ ಹಿಂತಿರುಗಿಸದೆ ಅದು ಸುಲಭವಾಗಿ ವಾಪಸು ಬರುವುದಿಲ್ಲ.

ಕನ್ನಡದ ಸಂದೇಶಕ್ಕೆ ಇನ್ನೊಂದು ತೊಡಕಿದೆ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿದರೆ ಕನ್ನಡ ಲಿಪಿಯಲ್ಲಿ 70 ಮಾತ್ರ. ಒತ್ತು, ಗುಣಿತದ ಚಿಹ್ನೆಗಳೂ ಅದರ ಲೆಕ್ಕಕ್ಕೇ ಸೇರುತ್ತವೆ. ಹೀಗಾಗಿ ಉದ್ದದ ಸಂದೇಶ ತುಂಡುಗಳಾಗಿ ಬರುತ್ತದೆ, ಹಳೆಯ ಫೋನಿನಲ್ಲಿ ಒಂದು ತುಂಡು ಮೊದಲು, ಇನ್ನೊಂದು ತಡವಾಗಿ ಕಾಣಿಸಬಹುದು.

ಆದಕಾರಣ ಸದಸ್ಯ ಬಾಂಧವರಲ್ಲಿ ನನ್ನ ಅಭಿಪ್ರಾಯ ಇಷ್ಟು. ಸಂದೇಶವನ್ನು ಪೂರ್ತಿ ತೆರೆದು, ಚುಕ್ಕಿಯ ನಂತರದ ಎರಡು ಪೈಸೆ ಅಂಕಿ ಕಾಣುವವರೆಗೆ ಓದಬೇಕು. ಬ್ಯಾಂಕಿನ ಸಂದೇಶದಲ್ಲಿ ಆ `.00` ಎಂಬುದೇ ನಮ್ಮ ‘/-’ ಗೆರೆ. ಬಳಿಕ ಮಂಡಿಯ ಲೆಕ್ಕಪಟ್ಟಿಯೊಂದಿಗೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಪಾಸ್‌ಬುಕ್ಕಿಗೆ ನಮೂದು ಹಾಕಿಸಿ ಅಥವಾ ಶಾಖೆಯಲ್ಲಿ ವಿಚಾರಿಸಿ. ಸಂದೇಶದೊಳಗೆ ಕೊಟ್ಟ ಫೋನ್ ನಂಬರಿಗೆ ಕರೆ ಮಾಡಬಾರದು, ಸಂದೇಶವೇ ಸುಳ್ಳಾದರೆ ಆ ನಂಬರೂ ಸುಳ್ಳೇ. ಖಾತೆಯಲ್ಲಿರುವ ಮೊತ್ತ ಖಚಿತವಾದ ಮೇಲೆಯೇ ಮಂಡಿಯವರನ್ನು ಕೇಳುವುದು, ಅಥವಾ ಇನ್ನೊಮ್ಮೆ ಹಣ ಕಳಿಸುವುದು.